ಬಾಲ್ಯವಿವಾಹ ರದ್ದಾದರೆ ಮಗುವಿನ ಹಕ್ಕು ಏನಾಗುತ್ತದೆ?

ಸೊಲ್ಲಾಪುರ ಜಿಲ್ಲೆಯ ಹುಡುಗಿಯೊಬ್ಬಳಿಗೆ 16 ತುಂಬಿದ ತಿಂಗಳಲ್ಲೇ, 2022ರ ಜೂನ್‌ನಲ್ಲಿ, ಮದುವೆಯಾಯಿತು ಎಂದಿಟ್ಟುಕೊಳ್ಳಿ. ಮಗು ಹುಟ್ಟಿದ ಮೇಲೆ ಗಂಡನ ಮನೆಯಲ್ಲಿ ಬಾಳಲಾರದೆ ತವರಿಗೆ ಬಂದಳು. ಮದುವೆ ರದ್ದು ಮಾಡಿಸೋಣ ಎಂದರೆ ಮನೆಯ ಹಿರಿಯರು ತಡೆಯುತ್ತಾರೆ: ‘ಹಾಗೆ ಮಾಡಿದರೆ ಕೂಸಿಗೆ ಅಪ್ಪನೇ ಇಲ್ಲ ಅಂದಂಗಾಗ್ತದೆ.’ ಈ ಭಯಕ್ಕೆ ಕಾನೂನಿನಲ್ಲಿ ಆಧಾರವಿಲ್ಲ.

2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಹುಡುಗಿಗೆ 18, ಹುಡುಗನಿಗೆ 21 ತುಂಬದೆ ನಡೆದದ್ದು ಬಾಲ್ಯವಿವಾಹ. ಆದರೆ ಅದು ತಾನಾಗಿಯೇ ಬಿದ್ದುಹೋಗುವುದಿಲ್ಲ. ಮದುವೆಯ ಹೊತ್ತಿಗೆ ವಯಸ್ಸು ತುಂಬದಿದ್ದವರೇ ಕೌಟುಂಬಿಕ ನ್ಯಾಯಾಲಯಕ್ಕೆ, ಅದಿಲ್ಲದ ಕಡೆ ಜಿಲ್ಲಾ ನ್ಯಾಯಾಲಯಕ್ಕೆ, ಅರ್ಜಿ ಹಾಕಬೇಕು. 18 ತುಂಬದಿದ್ದರೆ ಪೋಷಕರೋ ಹಿತೈಷಿಯೋ ಬಾಲ್ಯವಿವಾಹ ನಿಷೇಧಾಧಿಕಾರಿಯ ಜೊತೆಗೂಡಿ ಅವಳ ಪರವಾಗಿ ಹಾಕಬಹುದು. ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ಎರಡು ವರ್ಷದೊಳಗೆ ಅರ್ಜಿ ಸಲ್ಲಿಕೆಯಾಗಬೇಕು. ನಮ್ಮ ಹುಡುಗಿಗೆ 2024ರ ಜೂನ್‌ನಲ್ಲಿ 18 ತುಂಬಿತು. 2026ರ ಜೂನ್‌ನಲ್ಲಿ 20 ತುಂಬುವ ಮೊದಲೇ ಅವಳ ಅರ್ಜಿ ನ್ಯಾಯಾಲಯದಲ್ಲಿರಬೇಕು. ಪಂಚರ ರಾಜಿಯಲ್ಲಿ ತಿಂಗಳುಗಳು ಕಳೆದರೆ ಈ ದಾರಿ ಮುಚ್ಚಿಹೋಗುತ್ತದೆ. ಆಮೇಲೆ ಉಳಿಯುವುದು ವಿಚ್ಛೇದನವೇ.

ವಯಸ್ಸನ್ನು ಸಾಬೀತುಪಡಿಸಲು ಜನನ ಪ್ರಮಾಣಪತ್ರ, ಶಾಲೆಯ ದಾಖಲಾತಿ ಬೇಕು. ಮದುವೆಗೆ ಲಗ್ನಪತ್ರಿಕೆ, ಫೋಟೊ ಸಾಕ್ಷಿಯಾಗುತ್ತವೆ. ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ಇನ್ನು ಮಗುವಿನ ವಿಷಯ. ಕಾಯ್ದೆಯ 6ನೇ ಕಲಂ ಸ್ಪಷ್ಟವಾಗಿದೆ: ರದ್ದತಿಯ ಆದೇಶಕ್ಕೆ ಮೊದಲು ಗರ್ಭದಲ್ಲಿದ್ದ ಮಗು, ಆದೇಶದ ನಂತರ ಹುಟ್ಟಿದರೂ ಸರಿ, ಎಲ್ಲ ವಿಚಾರಗಳಲ್ಲೂ ಔರಸ ಸಂತಾನವೇ. ಮದುವೆ ಹೋದರೂ ತಂದೆ ತಂದೆಯಾಗಿಯೇ ಉಳಿಯುತ್ತಾನೆ. ಮಗು ಯಾರ ಬಳಿ ಇರಬೇಕು, ಇನ್ನೊಬ್ಬರು ಯಾವಾಗ ನೋಡಬಹುದು ಎಂಬುದನ್ನು ಮಗುವಿನ ಹಿತವನ್ನೇ ಮುಂದಿಟ್ಟುಕೊಂಡು ನ್ಯಾಯಾಧೀಶರು ತೀರ್ಮಾನಿಸುತ್ತಾರೆ. ಮಗುವಿನ ಜೀವನಾಂಶಕ್ಕೂ ಆದೇಶ ಮಾಡಬಹುದು. ತಾಯಿಗೆ ಬೇರೆ ಮದುವೆಯಾಗುವವರೆಗೆ ಜೀವನಾಂಶವನ್ನೂ ವಾಸಕ್ಕೆ ಮನೆಯನ್ನೂ ಕೊಡಿಸಬಹುದು. ಗಂಡನೇ ಅಪ್ರಾಪ್ತನಾಗಿದ್ದರೆ ಹಣ ಕೊಡುವ ಹೊಣೆ ಅವನ ತಂದೆತಾಯಿಯದು. ಮದುವೆಯಲ್ಲಿ ಕೊಟ್ಟುಕೊಂಡ ಒಡವೆ, ಹಣವನ್ನು ಎರಡೂ ಕಡೆಯವರು ಹಿಂದಿರುಗಿಸಬೇಕು.

ಗಡಿ ದಾಟಿ ಕರ್ನಾಟಕಕ್ಕೆ ಬಂದರೆ ಕಾನೂನು ಇನ್ನೂ ಬಿಗಿ. ರಾಜ್ಯದ ತಿದ್ದುಪಡಿಗೆ 2017ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿಯ ಅಂಕಿತ ಬಿತ್ತು. ಅದು ಜಾರಿಯಾದ ಮೇಲೆ ಇಲ್ಲಿ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಆದರೆ 6ನೇ ಕಲಂ ಮಾತಾಡುವುದು ನ್ಯಾಯಾಲಯದ ಆದೇಶದಿಂದ ರದ್ದಾದ ಮದುವೆಯ ಬಗ್ಗೆ. ಹಾಗಾಗಿ ಮಗುವಿದ್ದವರು ‘ಮದುವೆಯೇ ಇಲ್ಲವಲ್ಲ’ ಎಂದು ಸುಮ್ಮನಿರದೆ ವಕೀಲರನ್ನು ಕಂಡು, ಮಗುವಿನ ಹಕ್ಕನ್ನು ನ್ಯಾಯಾಲಯದ ಆದೇಶದಲ್ಲೇ ಬರೆಸಿಕೊಳ್ಳುವುದು ಕ್ಷೇಮ.