ಒಂದು ರಜೆ ಅರ್ಜಿ, ಎರಡು ಭಾಷೆ

ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರಿಗೆ ಶಸ್ತ್ರಚಿಕಿತ್ಸೆಗಾಗಿ ಜೂನ್ 10ರಿಂದ 19ರವರೆಗೆ ರಜೆ ಬೇಕು ಎನ್ನೋಣ. ‘ಇವರಿಂದ’, ‘ಇವರಿಗೆ’, ‘ಮಾನ್ಯರೇ’, ‘ವಿಷಯ’ ಬರೆದು, ಮುಖ್ಯೋಪಾಧ್ಯಾಯರ ಮುಖಾಂತರ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಹೋಗುತ್ತದೆ. ಬರೀ ‘ರಜೆ ಕೊಡಿ’ ಎಂದರೆ ಸಾಲದು, ಯಾವ ರಜೆ ಎಂದು ಹೇಳಲೇಬೇಕು. ಇಲ್ಲಿ ಕೇಳುವುದು ಪರಿವರ್ತಿತ ರಜೆ. ಎರಡೂ ದಿನಾಂಕ ಸೇರಿ 10 ದಿನ, ಆದರೆ ಅರ್ಧ ವೇತನ ರಜೆಯ ಖಾತೆಯಿಂದ 20 ದಿನ ಕಳೆಯುತ್ತದೆ. ಖಾತೆಯಲ್ಲಿ ಅಷ್ಟಿದೆಯೇ ಎಂದು ಮೊದಲೇ ಸೇವಾ ಪುಸ್ತಕ ನೋಡಿಕೊಳ್ಳುವುದು ಜಾಣತನ. ಜೊತೆಗೆ ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸಬೇಕು.

ಕಚೇರಿಗೆ ಕನ್ನಡ ಪ್ರತಿಯೇ ಮೂಲ. ಹೊರರಾಜ್ಯದಲ್ಲಿ ತೋರಿಸಬೇಕಾದಾಗ ಇಂಗ್ಲಿಷ್ ಪ್ರತಿ ಬೇಕಾಗುತ್ತದೆ. ಅದರಲ್ಲಿ ‘ಮೆಡಿಕಲ್ ಲೀವ್’ ಎಂದು ಬರೆದುಬಿಡುವವರೇ ಹೆಚ್ಚು. ಅಲ್ಲಿ ‘ಕಮ್ಯೂಟೆಡ್ ಲೀವ್’ ಎಂದೇ ಇರಬೇಕು. ದಿನಾಂಕ, ಪದನಾಮ, ಸಹಿ ಎರಡರಲ್ಲೂ ತಾಳೆಯಾಗಬೇಕು.