ರಿಮೈಂಡರ್ ಇ-ಮೇಲ್‌ಗೆ ಉತ್ತರ ಬರಬೇಕಾದರೆ ಸಬ್ಜೆಕ್ಟ್ ಸಾಲು ಹೇಗಿರಬೇಕು?

ಬ್ಯಾಂಕಿಗೆ ಬರುವ ಕಾಗದಗಳನ್ನು ಒಡೆದು ಇನ್‌ವರ್ಡ್ ರಿಜಿಸ್ಟರಿನಲ್ಲಿ ನಮೂದಿಸುವ ನನ್ನಂಥ ಗುಮಾಸ್ತರಿಗೆ ಒಂದು ಅಭ್ಯಾಸವಾಗಿಬಿಟ್ಟಿರುತ್ತದೆ. ಪತ್ರ ಕೈಗೆ ಬಂದೊಡನೆ ಕಣ್ಣು ಮೊದಲು ಹೋಗುವುದು 'ವಿಷಯ' ಮತ್ತು 'ಉಲ್ಲೇಖ' ಎಂಬ ಎರಡು ಸಾಲುಗಳ ಕಡೆಗೆ. ಏತಕ್ಕಾಗಿ ಬರೆದಿದ್ದಾರೆ ಎಂಬುದು ಮೊದಲನೆಯದರಲ್ಲಿ, ಹಿಂದಿನ ಯಾವ ಪತ್ರ ಅಥವಾ ಯಾವ ಖಾತೆಗೆ ಸಂಬಂಧಿಸಿದ್ದು ಎಂಬುದು ಎರಡನೆಯದರಲ್ಲಿ. ಉಲ್ಲೇಖವಿಲ್ಲದ ಪತ್ರ ಟ್ರೇಯ ಅಡಿಗೆ ಹೋಗುತ್ತದೆ. ಬರೆದವರ ಮೇಲೆ ಸಿಟ್ಟಿದ್ದು ಹಾಗೆ ಮಾಡುವುದಲ್ಲ, ಹಳೆಯ ಫೈಲು ಹುಡುಕಲು ಪುರುಸೊತ್ತು ಇರುವುದಿಲ್ಲ ಅಷ್ಟೆ.

ಇ-ಮೇಲ್ ಬಂದ ಮೇಲೆ ಈ ಎರಡೂ ಸಾಲುಗಳ ಕೆಲಸವನ್ನು 'ಸಬ್ಜೆಕ್ಟ್' ಎಂಬ ಒಂದೇ ಸಾಲು ಮಾಡಬೇಕಾಗಿದೆ. ನಮ್ಮ ಸಂಘದ ಯುವಕ ಯುವತಿಯರು ಇಂಟರ್‌ವ್ಯೂ ಮುಗಿಸಿ ಬಂದ ಬಳಿಕ ಕಂಪನಿಗೆ ಅಥವಾ ಕನ್ಸಲ್ಟೆನ್ಸಿಗೆ ಕಳುಹಿಸುವ ರಿಮೈಂಡರುಗಳನ್ನು ನೋಡಿದರೆ ಹೆಚ್ಚಿನವರು ಇದರಲ್ಲಿ ಉಲ್ಲೇಖವನ್ನು ಪೂರ್ತಿ ಬಿಟ್ಟೇಬಿಡುತ್ತಾರೆ. 'ಫಾಲೋ ಅಪ್', 'ಕೈಂಡ್ಲಿ ಅಪ್‌ಡೇಟ್', 'ರಿಗಾರ್ಡಿಂಗ್ ಜಾಬ್' ಎಂದಷ್ಟೇ ಬರೆಯುತ್ತಾರೆ. ಆ ದಿನ ಅದೇ ಸಬ್ಜೆಕ್ಟಿನಲ್ಲಿ ಇನ್ನೆಷ್ಟು ಜನ ಬರೆದಿರುತ್ತಾರೋ ಯಾರಿಗೆ ಗೊತ್ತು!

ಸಂಘದ ಸದಸ್ಯರೊಬ್ಬರ ಸೊಸೆ ನೇಮಕಾತಿ ಕನ್ಸಲ್ಟೆನ್ಸಿಯೊಂದರಲ್ಲಿ ರಿಕ್ರೂಟರ್ ಆಗಿದ್ದಾರೆ. ಒಂದೇ ಹೊತ್ತಿಗೆ ಹಲವು ಕಂಪನಿಗಳ ಹಲವು ಹುದ್ದೆಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಬೆಳಗಿನ ಮೇಲ್‌ಗಳನ್ನು ಅವರು ಓದುವುದು ಲೋಕಲ್ ಗಾಡಿಯಲ್ಲಿ, ಥಾಣೆಯಿಂದ ದಾದರ್ ಬರುವಷ್ಟರೊಳಗೆ, ಒಂದು ಕೈಯಲ್ಲಿ ಮೊಬೈಲ್ ಹಿಡಿದು. "ಅಂಕಲ್, ನಾವು ಓದುವುದಲ್ಲ, ಬೆರಳಿನಿಂದ ಮೇಲೆ ತಳ್ಳುತ್ತಾ ಹೋಗುವುದು. ಯಾರು, ಯಾವ ಪೋಸ್ಟ್ ಎಂದು ಕಂಡರೆ ನಿಲ್ಲಿಸುತ್ತೇವೆ, ಇಲ್ಲವಾದರೆ ಆಮೇಲೆ ನೋಡೋಣ ಎಂದುಕೊಳ್ಳುತ್ತೇವೆ. ಆ ಆಮೇಲೆ ಬರುವುದೇ ಇಲ್ಲ" ಎಂದು ಅವರು ನಗುತ್ತಾ ಹೇಳಿದರು.

ಅವರ ಮೊಬೈಲ್ ಪರದೆಯಲ್ಲಿ ಒಂದು ಮೇಲ್‌ಗೆ ಸಿಗುವ ಜಾಗವೆಂದರೆ ಕಳುಹಿಸಿದವರ ಹೆಸರು, ಅದರ ಕೆಳಗೆ ಸಬ್ಜೆಕ್ಟಿನ ಒಂದು ಸಾಲು, ಅದರ ಕೆಳಗೆ ಪತ್ರದ ಮೊದಲ ಕೆಲವು ಪದಗಳು. ಸಬ್ಜೆಕ್ಟ್ ಉದ್ದವಾದರೆ ಉಳಿದದ್ದು ಚುಕ್ಕಿಗಳಾಗಿ ಮಾಯವಾಗುತ್ತದೆ. ಎಷ್ಟು ಅಕ್ಷರ ಕಾಣುತ್ತದೆ ಎಂಬುದು ಮೊಬೈಲಿನಿಂದ ಮೊಬೈಲಿಗೆ ಬೇರೆಯಾದರೂ ಮೊದಲ 35-40 ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ನಂಬಿಕೊಂಡು ಬರೆಯುವುದು ಕ್ಷೇಮ.

ಇದನ್ನೆಲ್ಲ ಡೊಂಬಿವಲಿಯ ನಮ್ಮವರೊಬ್ಬರ ಮಗಳ ವಿಷಯದಲ್ಲಿ ಪ್ರಯೋಗಿಸಿ ನೋಡುವ ಸಂದರ್ಭ ಬಂತು. ಬಿ.ಕಾಂ. ಮುಗಿಸಿ ಸಾರಿಗೆ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಎರಡು ವರ್ಷ ದುಡಿದ ಹುಡುಗಿ. 2025ರ ಜೂನ್ 12, ಗುರುವಾರ ಲೋವರ್ ಪರೇಲ್‌ನ ಕಂಪನಿಯೊಂದರಲ್ಲಿ ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆಗೆ ಇಂಟರ್‌ವ್ಯೂ ಆಯಿತು. ಒಂದು ವಾರದಲ್ಲಿ ತಿಳಿಸುತ್ತೇವೆ ಎಂದಿದ್ದರು. ಅವಳಿಗೆ ತಡೆಯಲಾಗದೆ ಐದನೇ ದಿನವೇ ಒಂದು ಮೇಲ್ ಹಾಕಿದಳು. ಅದರ ಸಬ್ಜೆಕ್ಟ್ ಇಷ್ಟೇ:

```
Follow up
```

ಉತ್ತರ ಬರಲಿಲ್ಲ. 19ನೇ ತಾರೀಖೂ ಕಳೆಯಿತು. 23ರ ಸೋಮವಾರ ನನ್ನಲ್ಲಿಗೆ ಬಂದು, "ಮಾಮ, ಇನ್ನೊಮ್ಮೆ ಕಳಿಸಲಾ? ಪೀಡಿಸಿದ ಹಾಗೆ ಆಗುತ್ತದಾ?" ಎಂದು ಕೇಳಿದಳು. ಅವರೇ ಹೇಳಿದ ದಿನ ದಾಟಿ ಒಂದೆರಡು ಕೆಲಸದ ದಿನ ಆದ ಮೇಲೆ ಕೇಳುವುದು ಪೀಡೆಯಲ್ಲ, ಅವರು ಹೇಳಿದ ದಿನಕ್ಕೆ ಮುಂಚೆ ಕೇಳಿದ್ದು ಮಾತ್ರ ಅವಸರ ಎಂದೆ.

ಮೊದಲು ಹುಡುಕಿದ್ದು ಉಲ್ಲೇಖವನ್ನು. ಇಂಟರ್‌ವ್ಯೂಗೆ ಕರೆದ ಪತ್ರ ಇ-ಮೇಲ್‌ನಲ್ಲೇ ಬಂದಿದ್ದರೆ ಹೊಸ ಸಬ್ಜೆಕ್ಟ್ ಬರೆಯುವ ಗೋಜೇ ಬೇಡ. ಅದೇ ಪತ್ರಕ್ಕೆ 'ರಿಪ್ಲೈ' ಒತ್ತಿ, ಸಬ್ಜೆಕ್ಟನ್ನು ಮುಟ್ಟದೆ ಬರೆಯಬೇಕು. ಆ ಸಾಲು ರಿಕ್ರೂಟರ್ ತಾನೇ ಬರೆದದ್ದು, ಅವರಿಗೆ ಗುರುತು ಸಿಗುವಂಥದ್ದು. ಆದರೆ ಇವಳನ್ನು ಕರೆದದ್ದು ಫೋನಿನಲ್ಲಿ, ವಿಳಾಸ ಬಂದದ್ದು ವಾಟ್ಸಾಪ್‌ನಲ್ಲಿ. ಈಗ ಬಹಳ ಕಡೆ ಹೀಗೇ. ಹಾಗಾಗಿ ಅವಳು ಅರ್ಜಿ ಹಾಕಿದ ಜಾಹೀರಾತನ್ನೇ ಮತ್ತೆ ತೆರೆದು ನೋಡಿದೆವು. ಅದರ ಮೂಲೆಯಲ್ಲಿ ಹುದ್ದೆಯ ಸಂಖ್ಯೆ AE-207 ಎಂದಿತ್ತು. ನಮ್ಮ ಇನ್‌ವರ್ಡ್ ನಂಬರ್ ಇದ್ದ ಹಾಗೆ ಇದು. ರಿಕ್ರೂಟರ್ ತಮ್ಮ ಪೆಟ್ಟಿಗೆಯಲ್ಲಿ ಹುಡುಕುವಾಗ ಟೈಪ್ ಮಾಡುವುದು ಇದನ್ನು ಅಥವಾ ಅಭ್ಯರ್ಥಿಯ ಹೆಸರನ್ನು. ಕೊನೆಗೆ ಹೀಗೆ ಬರೆದೆವು (ಹೆಸರಿನ ಜಾಗದಲ್ಲಿ NAME ಎಂದು ಹಾಕಿದ್ದೇನೆ):

```
Accounts Exec AE-207 | 12 June interview | NAME
```

ಹುದ್ದೆ, ಅದರ ಸಂಖ್ಯೆ, ಇಂಟರ್‌ವ್ಯೂ ಆದ ದಿನ ಇವು ಮೂರೂ ಸರಿಯಾಗಿ 40 ಅಕ್ಷರಗಳಲ್ಲಿ ಮುಗಿಯುತ್ತವೆ. ಹೆಸರು ಕೊನೆಗೆ ಏಕೆಂದರೆ ಅದು ಕಳುಹಿಸಿದವರ ಜಾಗದಲ್ಲಿ ಮೇಲೆ ಹೇಗೂ ಕಾಣುತ್ತದೆ. ಹಾಗಾದರೆ ಪೂರ್ತಿ ಬಿಡಬಹುದಲ್ಲ ಎಂದು ಅವಳು ಕೇಳಿದಳು. ಬಿಡಬಾರದು. ರಿಕ್ರೂಟರ್ ಈ ಮೇಲನ್ನು ಕಂಪನಿಯ ಮ್ಯಾನೇಜರಿಗೆ ಫಾರ್ವರ್ಡ್ ಮಾಡಿದರೆ ಅಲ್ಲಿ ಕಳುಹಿಸಿದವರ ಹೆಸರಾಗಿ ಕಾಣುವುದು ರಿಕ್ರೂಟರ್‌ದು. ಸಬ್ಜೆಕ್ಟಿನಲ್ಲಿ ಉಳಿದ ಹೆಸರೇ ಆಗ ಇವಳ ಗುರುತು.

ಪತ್ರದ ಮೊದಲ ವಾಕ್ಯವೂ ಪರದೆಯಲ್ಲಿ ಇಣುಕುವುದರಿಂದ 'ತಾವು ಕ್ಷೇಮವೆಂದು ನಂಬಿದ್ದೇನೆ' ಎಂಬ ಸಾಲನ್ನು ತೆಗೆದುಹಾಕಿಸಿದೆ. 19ರೊಳಗೆ ತಿಳಿಸುವುದಾಗಿ ಹೇಳಿದ್ದಿರಿ, ನಿರ್ಧಾರ ಇನ್ನೂ ಬಾಕಿಯಿದೆಯೇ ಎಂಬ ಪ್ರಶ್ನೆಯೇ ಮೊದಲು ಬಂತು. ಒಂದೇ ಸಾಲಿನಲ್ಲಿ ಉತ್ತರಿಸಬಹುದಾದ ಪ್ರಶ್ನೆಯಾದರೆ ಗಾಡಿಯಲ್ಲಿ ನಿಂತವರೂ ಉತ್ತರಿಸುತ್ತಾರೆ.

ಕಳುಹಿಸಿದವರ ಹೆಸರು ಯಾರದ್ದು?

ಕಳುಹಿಸುವ ಮುನ್ನ ಅದನ್ನು ನನ್ನ ವಿಳಾಸಕ್ಕೆ ಕಳುಹಿಸಿ ಮೊಬೈಲಿನಲ್ಲಿ ನೋಡಿದೆವು. ಈ ಪರೀಕ್ಷೆಯನ್ನು ಎಲ್ಲರೂ ಮಾಡಬೇಕು, ಏಕೆಂದರೆ ನಮಗೆ ಅಲ್ಲಿ ಕಂಡದ್ದು ಅವಳ ಹೆಸರಲ್ಲ, ಅವಳ ತಂದೆಯವರದ್ದು! ಶಾಲೆಯಲ್ಲಿದ್ದಾಗ ಅಪ್ಪ ತಮ್ಮ ಹೆಸರಿನಲ್ಲಿ ತೆರೆದುಕೊಟ್ಟ ಖಾತೆಯನ್ನೇ ಅವಳು ಬಳಸುತ್ತಿದ್ದಳು. ನಮ್ಮ ಮನೆಗಳಲ್ಲಿ ಇದು ಅಪರೂಪವಲ್ಲ. ಸಬ್ಜೆಕ್ಟ್ ಎಷ್ಟೇ ಚೆನ್ನಾಗಿದ್ದರೂ ಮೇಲೆ ಅಪರಿಚಿತ ಗಂಡಸಿನ ಹೆಸರು ಕಂಡರೆ ರಿಕ್ರೂಟರ್ ಬೆರಳು ನಿಲ್ಲುವುದಿಲ್ಲ. ಜಿ-ಮೇಲ್‌ನಲ್ಲಿ ಇದನ್ನು ಸರಿಪಡಿಸಲು ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್ ತೆರೆದು, Accounts and Import ಎಂಬ ಭಾಗದಲ್ಲಿ Send mail as ಎಂಬುದರ ಎದುರಿಗಿರುವ edit info ಒತ್ತಿ ಹೆಸರು ಬದಲಿಸಿದರಾಯಿತು. ಬಯೋಡೇಟಾದಲ್ಲಿ ಇರುವ ಹೆಸರೇ ಇಲ್ಲಿಯೂ ಇರಲಿ. ಒಂದರಲ್ಲಿ ಮನೆತನದ ಹೆಸರು, ಇನ್ನೊಂದರಲ್ಲಿ ಇನಿಷಿಯಲ್ ಎಂದಾದರೆ ಹುಡುಕುವವರಿಗೆ ಸಿಗುವುದಿಲ್ಲ.

ಮಾರನೇ ದಿನ ಮಧ್ಯಾಹ್ನ ಉತ್ತರ ಬಂತು. ಮ್ಯಾನೇಜರ್ ರಜೆಯಲ್ಲಿದ್ದಾರೆ, ಮುಂದಿನ ವಾರ ತಿಳಿಯುತ್ತದೆ ಎಂದು. ಸಬ್ಜೆಕ್ಟ್ ಬದಲಿಸಿದ್ದರಿಂದಲೇ ಬಂತು ಎಂದು ಪ್ರಮಾಣ ಮಾಡಲಾರೆ, ಅದೂ ಒಂದು ಕಾರಣ ಎನ್ನಬಹುದು.

ಉತ್ತರ ಬಾರದೇ ಇದ್ದಿದ್ದರೆ? ಒಂದು ವಾರ ಬಿಟ್ಟು ಎರಡನೇ ರಿಮೈಂಡರ್. ಅದಕ್ಕೆ ಸಬ್ಜೆಕ್ಟ್ ಬದಲಿಸಬಾರದು. ಸೆಂಟ್ ಪೆಟ್ಟಿಗೆಯಲ್ಲಿರುವ ನಮ್ಮದೇ ಮೇಲ್ ತೆರೆದು ಅದಕ್ಕೆ ರಿಪ್ಲೈ ಒತ್ತಿದರೆ ಅದು ಮತ್ತೆ ಅವರಿಗೇ ಹೋಗುತ್ತದೆ, ಹಿಂದಿನ ಪತ್ರ ಕೆಳಗೆ ಉಳಿಯುತ್ತದೆ. ಜಿ-ಮೇಲ್ ಒಂದೇ ಸಬ್ಜೆಕ್ಟಿನ ಪತ್ರ ವ್ಯವಹಾರವನ್ನು ಒಂದು ಕಟ್ಟಾಗಿ ಇಡುತ್ತದೆ, ಸಬ್ಜೆಕ್ಟ್ ತಿದ್ದಿದರೆ ಕಟ್ಟು ಬಿಚ್ಚಿ ಹೊಸದೊಂದು ಶುರುವಾಗುತ್ತದೆ. ಕೆಲವರು ಹೊಸ ಪತ್ರಕ್ಕೇ ಮುಂದೆ 'Re:' ಎಂದು ತಾವೇ ಟೈಪ್ ಮಾಡಿ ಹಳೆಯ ಉತ್ತರದಂತೆ ತೋರಿಸುತ್ತಾರೆ. ತೆರೆದ ಕೂಡಲೇ ಕೆಳಗೆ ಏನೂ ಇಲ್ಲದ್ದು ಕಂಡು ಬಣ್ಣ ಬಯಲಾಗುತ್ತದೆ. ಎರಡು ರಿಮೈಂಡರಿಗೂ ಸದ್ದಿಲ್ಲವೆಂದರೆ ಒಂದು ಫೋನ್ ಮಾಡಿ ನೋಡಿ, ಆ ಹುದ್ದೆಯನ್ನು ಬಿಡುವುದೇ ಸರಿ. ಇನ್ನೊಂದು ಮಾತು. ಅರ್ಜಿ ಹಾಕಿದಾಗ ತಾನಾಗಿ ಬರುವ ಸ್ವೀಕೃತಿ ಪತ್ರದ ವಿಳಾಸ no-reply ಎಂದು ಶುರುವಾಗಿದ್ದರೆ ಅದಕ್ಕೆ ಬರೆದದ್ದನ್ನು ಯಾರೂ ಓದುವುದಿಲ್ಲ.

ಹೊಸ ಸಬ್ಜೆಕ್ಟ್ ಯಾವಾಗ?

ಹೇಳಬೇಕಾದ ಸಂಗತಿಯೇ ಹೊಸದಾದಾಗ. ಇವಳಿಗೆ ಜೂನ್ 30ರಂದು ಅಂಧೇರಿಯ ಬೇರೊಂದು ಕಂಪನಿಯಿಂದ ಆಫರ್ ಲೆಟರ್ ಬಂತು, ಜುಲೈ 4ರೊಳಗೆ ಒಪ್ಪಿಗೆ ತಿಳಿಸಬೇಕು ಎಂದು. ಅವಳ ಮನಸ್ಸು ಲೋವರ್ ಪರೇಲ್‌ನಲ್ಲಿತ್ತು. ಡೊಂಬಿವಲಿಯಿಂದ ಕರಿ ರೋಡ್‌ಗೆ ಒಂದೇ ಗಾಡಿ, ಇಳಿದು ನಡೆದರೆ ಆಫೀಸು. ಅಂಧೇರಿಗಾದರೆ ದಾದರ್‌ನಲ್ಲಿ ಇಳಿದು ಪಶ್ಚಿಮ ರೈಲ್ವೆಯ ಗಾಡಿ ಹಿಡಿಯಬೇಕು. ಮನೆಯಲ್ಲಿ ವಯಸ್ಸಾದ ಅಜ್ಜಿಯನ್ನು ನೋಡಿಕೊಳ್ಳುವವಳಿಗೆ ಆ ಹೊತ್ತು ದೊಡ್ಡದು. ಆದರೆ ಕೈಗೆ ಬಂದ ಆಫರನ್ನು ಬರಿಯ ಭರವಸೆಗಾಗಿ ಬಿಡುವಂತಿಲ್ಲ.

'ಅರ್ಜೆಂಟ್' ಎಂದು ದೊಡ್ಡಕ್ಷರದಲ್ಲಿ ಬರೆಯಲು ಹೊರಟಿದ್ದಳು. ಎಲ್ಲರೂ ಅರ್ಜೆಂಟ್ ಎನ್ನುವ ಕಡೆ ಆ ಪದಕ್ಕೆ ಬೆಲೆಯಿಲ್ಲ, ತಾರೀಖಿಗೆ ಇದೆ. ಹೀಗೆ ಹೋಯಿತು:

```
Offer reply due 4 July | AE-207 | NAME
```

ಬೇರೆ ಆಫರಿಗೆ ಜುಲೈ 4ರೊಳಗೆ ಉತ್ತರಿಸಬೇಕಿದೆ ಎಂಬುದು ಮೇಲ್ ತೆರೆಯದೆಯೇ ತಿಳಿಯುತ್ತದೆ. ಒಳಗೆ ಮೂರೇ ವಾಕ್ಯ: ಆಫರ್ ಬಂದಿದೆ, ನಿಮ್ಮಲ್ಲೇ ಸೇರುವ ಇಚ್ಛೆಯಿದೆ, 3ರೊಳಗೆ ನಿಮ್ಮ ನಿರ್ಧಾರ ತಿಳಿಯಬಹುದೇ? ಆಫರ್ ಇಲ್ಲದವರು ಈ ಸಾಲನ್ನು ಸುಮ್ಮನೆ ಬಳಸಬೇಡಿ. ಆಫರ್ ಲೆಟರ್ ತೋರಿಸಿ ಎಂದು ಕೇಳುವವರಿದ್ದಾರೆ, ಹಾಗೇ 'ಸರಿ, ಅಲ್ಲೇ ಸೇರಿ' ಎಂದು ಫೈಲು ಮುಚ್ಚುವವರೂ ಇದ್ದಾರೆ.

ಅಂದೇ ಸಂಜೆ ರಿಕ್ರೂಟರ್ ಫೋನ್ ಮಾಡಿ, ಜುಲೈ 2ಕ್ಕೆ ಕೊನೆಯ ಸುತ್ತಿನ ಇಂಟರ್‌ವ್ಯೂ ಇಡಿಸಿದರು. 3ರ ಸಂಜೆ ಬಂದ ಉತ್ತರ 'ಇಲ್ಲ' ಎಂದು. ಹೆಚ್ಚು ಅನುಭವವಿದ್ದ ಇನ್ನೊಬ್ಬರನ್ನು ಆರಿಸಿದ್ದರಂತೆ. ಹುಡುಗಿಗೆ ಬೇಸರವಾಯಿತು, ಆದರೆ 4ರ ಬೆಳಿಗ್ಗೆ ಅಂಧೇರಿಗೆ ಒಪ್ಪಿಗೆ ಕಳುಹಿಸುವಾಗ ಹಿಂದೆ ನೋಡಬೇಕಾದದ್ದು ಏನೂ ಇರಲಿಲ್ಲ. ಆ ಮೇಲ್ ಅನ್ನು ಅವಳು ಆಫರ್ ಬಂದ ಪತ್ರಕ್ಕೇ ರಿಪ್ಲೈ ಒತ್ತಿ, ಸಬ್ಜೆಕ್ಟ್ ಮುಟ್ಟದೆ ಕಳುಹಿಸಿದಳು. ಅರ್ಧ ಗಂಟೆಯಲ್ಲಿ ಸ್ವೀಕೃತಿ ಬಂತು.