ಬೆರಳ ಸಂದಿ ಒಣಗಲಿ

ಆಷಾಢದ ಮಳೆಯಲ್ಲಿ ಮಲೆನಾಡಿನ ಗದ್ದೆಗಳಲ್ಲಿ ನಾಟಿ ಜೋರಾಗುತ್ತದೆ. ಬೆಳಿಗ್ಗೆ ಕೆಸರಿಗೆ ಇಳಿದ ಹೆಂಗಸರು ಮೇಲೆ ಬರುವುದು ಸಂಜೆಗೇ. ಇಂಥ ದಿನಗಳಲ್ಲಿ ಸ್ತ್ರೀಶಕ್ತಿ ಸಂಘದ ವಾರದ ಸಭೆಗೆ ಆರೋಗ್ಯ ಕೇಂದ್ರದ ನರ್ಸ್ ಬಂದು ಪಾದದ ಆರೈಕೆಯ ಬಗ್ಗೆ ಮಾತಾಡುವುದುಂಟು. ಅಂಥದ್ದೊಂದು ಸಭೆಯಲ್ಲಿ ನರ್ಸ್ ಭಾಷಣ ಮಾಡಲಿಲ್ಲ. "ಎಲ್ಲರೂ ಕಾಲು ಮುಂದೆ ಚಾಚಿ, ಕಿರುಬೆರಳ ಸಂದಿ ಬಿಡಿಸಿ ನೋಡ್ಕೊಳ್ಳಿ" ಎಂದರು. ನಗುತ್ತಲೇ ನೋಡಿಕೊಂಡವರಲ್ಲಿ ಕೆಲವರ ನಗು ನಿಂತಿತು. ಸಂದಿಯ ಚರ್ಮ ಬೆಳ್ಳಗೆ ಉಬ್ಬಿ, ನಡುವೆ ಸಣ್ಣದಾಗಿ ಸೀಳಿತ್ತು.

ಇದೇ ಕೆಸರುಹುಣ್ಣು. ಹೆಸರು ಕೆಸರಿನದಾದರೂ ಹೆಚ್ಚಿನ ಹಾನಿ ಮಾಡುವುದು ಮನೆಗೆ ಬಂದ ಮೇಲೂ ಸಂದಿಯಲ್ಲಿ ಉಳಿಯುವ ತೇವ. ಗಂಟೆಗಟ್ಟಲೆ ನೀರಲ್ಲಿ ನೆನೆದ ಚರ್ಮ ಮೆತ್ತಗಾಗುತ್ತದೆ, ಮಣ್ಣಿನ ಹರಳು ತಾಗಿದರೂ ಸೀಳುತ್ತದೆ. ಶಿಲೀಂಧ್ರವೂ ಬ್ಯಾಕ್ಟೀರಿಯಾವೂ ಒಳಹೋಗುವುದು ಆ ಸೀಳಿನಿಂದ. ಕಿರುಬೆರಳು ಪಕ್ಕದ ಬೆರಳಿಗೆ ಒತ್ತಿಕೊಂಡೇ ಇರುವುದರಿಂದ ಗಾಳಿಯಾಡದೆ ಹುಣ್ಣು ಸಾಮಾನ್ಯವಾಗಿ ಅಲ್ಲೇ ಶುರುವಾಗುತ್ತದೆ.

ಹಾಗಾಗಿ ನರ್ಸ್ ಒತ್ತಿ ಹೇಳಿದ್ದು ಸಂಜೆಯ ಐದು ನಿಮಿಷದ ಕೆಲಸವನ್ನು. ಕಾಲನ್ನು ಶುದ್ಧ ನೀರು, ಸೋಪಿನಿಂದ ತೊಳೆಯಬೇಕು. ಕಲ್ಲಿಗೆ ಗಸಗಸ ಉಜ್ಜಬಾರದು. ಕಾಲಿಗೆಂದೇ ಒಂದು ಹಳೆ ಹತ್ತಿ ಬಟ್ಟೆ ಇಟ್ಟುಕೊಂಡು, ಅದರ ತುದಿಯನ್ನು ಪ್ರತಿ ಸಂದಿಗೂ ತೂರಿಸಿ ತೇವ ಒತ್ತಿ ತೆಗೆಯಬೇಕು. ಆ ಬಟ್ಟೆಯನ್ನು ದಿನಾ ಒಗೆದು ಒಣಗಿಸಬೇಕು. ಒದ್ದೆ ಸೀರೆಯ ನೆರಿಗೆಯಲ್ಲೇ ಕಾಲೊರೆಸಿಕೊಂಡು ಒಲೆ ಮುಂದೆ ಕೂರುವ ರೂಢಿ ಎಲ್ಲರಿಗೂ ಇದೆ. ಅದರಿಂದ ಸಂದಿ ಒಣಗುವುದಿಲ್ಲ.

"ಕಾಲುಂಗುರ ತೆಗೀಬೇಕಾ ಸಿಸ್ಟರ್?" ಎಂದು ಹಿರಿಯರೊಬ್ಬರು ಕೇಳಿದರು. ತೆಗೆಯುವುದು ಬೇಡ, ಸ್ವಲ್ಪ ಮೇಲೆ ಸರಿಸಿ ಅಡಿಯ ಕೊಳೆ ತೊಳೆದು ಒರೆಸಿ ಸಾಕು ಎಂದರು ನರ್ಸ್. ಬೆರಳು ಊದಿಕೊಂಡು ಉಂಗುರ ಸರಿಯದಂತಾದರೆ ಮಾತ್ರ ತಡಮಾಡದೆ ತೆಗೆಸಬೇಕು. ಗಂಡನ ಆಯಸ್ಸಿನ ಮಾತು ತೆಗೆಯದೆ ಇದನ್ನು ಹೇಳಿದ್ದು ನನಗೆ ಮೆಚ್ಚಿಗೆಯಾಯಿತು.

ಎಣ್ಣೆಯ ವಿಷಯದಲ್ಲಿ ಗೊಂದಲವಿತ್ತು. ಗದ್ದೆಗೆ ಹೊರಡುವ ಮುನ್ನ ಒಣಗಿದ, ಗಾಯವಿಲ್ಲದ ಪಾದಕ್ಕೆ ವ್ಯಾಸಲೀನನ್ನೋ ಕೊಬ್ಬರಿ ಎಣ್ಣೆಯನ್ನೋ ದಪ್ಪಗೆ ಸವರಿದರೆ ನೀರು ಚರ್ಮಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ರಾತ್ರಿ ಅದೇ ವ್ಯಾಸಲೀನ್ ಒಡೆದ ಹಿಮ್ಮಡಿಗೆ ಒಳ್ಳೆಯದು, ಬೆರಳ ಸಂದಿಗೆ ಬೇಡ. ಅಲ್ಲಿ ತೇವವನ್ನು ಹಿಡಿದಿಡುತ್ತದೆ. ಗಮ್‌ಬೂಟು ಬದುವಿನ ಕೆಲಸಕ್ಕೆ ಆದೀತು. ನಾಟಿಯ ಕೆಸರಲ್ಲಿ ಅದು ಹೂತುಕೊಳ್ಳುತ್ತದೆ, ಒಳಗೆ ನೀರು ತುಂಬಿದರೆ ಬರಿಗಾಲಿಗಿಂತ ಕಷ್ಟ.

ಒಬ್ಬಾಕೆಯ ಹುಣ್ಣು ಸಂದಿಯಿಂದ ಪಾದದ ಮೇಲಕ್ಕೆ ಹಬ್ಬಿತ್ತು. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಟ್ಯೂಬು ಹಚ್ಚಿದಾಗ ನಾಲ್ಕೈದು ದಿನ ತುರಿಕೆ ನಿಂತಿತ್ತಂತೆ, ಆಮೇಲೆ ಇಮ್ಮಡಿಯಾಯಿತು. ನರ್ಸ್ ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ ತೋರಿಸಿದರು: ಅದರಲ್ಲಿ ಸ್ಟೀರಾಯ್ಡ್ ಬೆರೆತಿತ್ತು. ಸ್ಟೀರಾಯ್ಡ್ ತುರಿಕೆ ಅಡಗಿಸುತ್ತದೆ, ಆದರೆ ಶಿಲೀಂಧ್ರವನ್ನು ಕೊಲ್ಲುವುದಿಲ್ಲ, ಬೆಳೆಯಲು ಬಿಡುತ್ತದೆ. ಬೇಕಾದದ್ದು ಕ್ಲೋಟ್ರಿಮಜೋಲ್‌ನಂಥ, ಸ್ಟೀರಾಯ್ಡ್ ಇಲ್ಲದ ಮುಲಾಮು. ಒಣಗಿದ ಚರ್ಮಕ್ಕೆ ದಿನಕ್ಕೆರಡು ಸಲ ಹಚ್ಚಬೇಕು, ವಾಸಿಯಾದಂತೆ ಕಂಡ ಮೇಲೂ ಎರಡು ವಾರ ಬಿಡಬಾರದು. ಕೀವು, ಕೆಟ್ಟ ವಾಸನೆ, ಮೇಲಕ್ಕೆ ಏರುವ ಕೆಂಪು, ತೊಡೆಸಂದಿಯಲ್ಲಿ ನೋವಿನ ಗಡ್ಡೆ ಕಂಡರೆ ಮುಲಾಮು ಸಾಲದು, ಅದೇ ದಿನ ಡಾಕ್ಟರಿಗೆ ತೋರಿಸಬೇಕು.

ಸಕ್ಕರೆ ಕಾಯಿಲೆ ಇರುವವರು ಇಷ್ಟು ಕಾಯುವಂತೆಯೂ ಇಲ್ಲ. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ, ಬಚ್ಚಲ ಒಲೆಗೆ ಕಾಲು ಕಾಸುವಾಗ ಸುಟ್ಟದ್ದೂ ಗೊತ್ತಾಗುವುದಿಲ್ಲ. ಅವರು ದಿನಾ ಅಂಗಾಲು ನೋಡಿಕೊಳ್ಳಬೇಕು, ಬಗ್ಗಲಾಗದಿದ್ದರೆ ಮನೆಯವರಿಂದ ನೋಡಿಸಬೇಕು. ಸಣ್ಣ ಗಾಯವಾದರೂ ಗದ್ದೆಗಿಳಿಯದೆ ಮೊದಲು ಆಸ್ಪತ್ರೆಗೆ ಹೋಗಬೇಕು.

ಕೆಸರುಹುಣ್ಣಿನ ಸೀಳು ಇನ್ನೊಂದಕ್ಕೂ ಬಾಗಿಲು. ಇಲಿಯ ಮೂತ್ರ ಸೇರಿದ ಗದ್ದೆ ನೀರಿನಿಂದ ಇಲಿಜ್ವರದ ರೋಗಾಣು ಹೀಗೇ ಒಳಗೆ ಬರುತ್ತದೆ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಜ್ವರ, ತಲೆನೋವು, ಮೀನಖಂಡದಲ್ಲಿ ತಡೆಯಲಾರದ ನೋವು, ಕಣ್ಣು ಕೆಂಪಾಗುವುದು ಶುರುವಾಗಬಹುದು. ಬೇಗ ತಿಳಿದರೆ ಮಾತ್ರೆಯಲ್ಲೇ ಗುಣವಾಗುತ್ತದೆ. ತಡವಾದರೆ ಕಾಮಾಲೆಗೆ ತಿರುಗಿ ಮೂತ್ರಪಿಂಡ ಕೆಡಬಹುದು. ಮೊದಮೊದಲು ಇದು ಮಾಮೂಲಿ ಜ್ವರದಂತೆಯೇ ಕಾಣುವುದರಿಂದ, ನಾಟಿ ಮುಗಿದ ತಿಂಗಳೊಳಗೆ ಜ್ವರ ಬಂದರೆ ಡಾಕ್ಟರು ಕೇಳುವ ಮೊದಲೇ ಹೇಳಿಬಿಡಿ: ಗದ್ದೆಗೆ ಇಳಿದಿದ್ದೆ, ಕಾಲಲ್ಲಿ ಹುಣ್ಣಿತ್ತು ಎಂದು.